ಟೆಲಿವಿಷನ್ ಕಡ್ಡಿ ಆಟವನ್ನು ಆಡಿಸಬಲ್ಲುದೆ?

ಕಳೆದ ವರ್ಷ ದಸರಾ ರಜೆಗೆ ಸ್ವಲ್ಪ ಮುಂಚೆ ನನ್ನ ತಮ್ಮನು ಕಬಡ್ಡಿ ಆಡುತ್ತ ಬಿದ್ದು ಬಲಗಾಲಿನ ಮೂಳೆಯನ್ನು ಮುರಿದುಕೊಂಡನು. ವೈದ್ಯರು ಪ್ಲಾಸ್ಟರು ಹಾಕಿ, ಆರು ವಾರ ಆ ಕಾಲನ್ನು ನೆಲಕ್ಕೆ ಊರಕೂಡದೆಂದು ಹೇಳಿ ಕಳುಹಿಸಿದರು. ಹದಿಮೂರು ವರ್ಷದ ಹುಡುಗನನ್ನು ಆರು ವಾರ ಒಂದೇ ಮಂಚದ ಮೇಲೆ ಕೂರಿಸುವುದೆಂದರೆ ಎಷ್ಟು ಕಷ್ಟವೆಂಬುದನ್ನು ತಮ್ಮಂದಿರಿರುವ ಸ್ನೇಹಿತರೆಲ್ಲ ಬಲ್ಲರು. ಮನೆಯಲ್ಲಿರುವ ಒಳ್ಳೆಯ ಮೊಬೈಲುಗಳು ಎರಡೇ. ಒಂದು ನಮ್ಮ ತಂದೆಯವರದು. ಅವರು ಗೂಡ್ಸ್ ಆಟೋ ಓಡಿಸುವವರಾದ್ದರಿಂದ ಮೊಬೈಲು ಮನೆಯಲ್ಲಿ ಉಳಿದರೆ ಬಾಡಿಗೆಯೂ ಮನೆಯಲ್ಲಿಯೇ ಉಳಿಯುತ್ತದೆ. ಇನ್ನೊಂದು ನನ್ನದು, ಅದು ನನ್ನೊಡನೆ ಕಾಲೇಜಿಗೆ ಬರುತ್ತದೆ.

ಮನೆಯಲ್ಲಿ ಹಗಲೆಲ್ಲ ಸುಮ್ಮನಿರುವುದು ಟಿ.ವಿ. ಒಂದೇ. ಮೂವತ್ತೆರಡು ಇಂಚಿನ ಆ ಟಿ.ವಿ.ಯ ಹಿಂಭಾಗದಲ್ಲಿ, ಯೂಟ್ಯೂಬ್ ನೋಡುವುದಕ್ಕೆಂದು ಎರಡು ವರ್ಷದ ಹಿಂದೆ ಕೊಂಡ ಒಂದು ಸ್ಟಿಕ್ಕನ್ನು ಸಿಕ್ಕಿಸಿದ್ದೇವೆ. ಬೆರಳುದ್ದದ ಈ ವಸ್ತುವನ್ನು ನಮ್ಮ ತಾತನವರು ‘ಕಡ್ಡಿ’ ಎಂದು ಕರೆಯುತ್ತಾರೆ. ನಾನೂ ಇಲ್ಲಿ ಹಾಗೆಯೇ ಕರೆಯುತ್ತೇನೆ. “ಅಣ್ಣಾ, ಟಿ.ವಿ.ಯಲ್ಲೇ ಆಟ ಆಡಬಹುದಂತೆ, ಹಾಕಿಕೊಡೋ” ಎಂದು ತಮ್ಮನು ಹಿಡಿದ ಹಟದಿಂದ ಈ ಲೇಖನವು ಹುಟ್ಟಿತು.

ನಾನು ಪೇಟೆಯ ಒಂದು ಅಂಗಡಿಯಲ್ಲಿ ವಿಚಾರಿಸಿದೆನು. “ಆ ಕಡ್ಡಿ ಬಿಸಾಕಪ್ಪ, ಈ ಬಾಕ್ಸ್ ತಗೊಂಡ್ಹೋಗು. ಎಂಟು ಕೆ ಇದೆ, ಎಲ್ಲಾ ಆಟಾನೂ ಓಡುತ್ತೆ” ಎಂದು ಅಂಗಡಿಯವರು ಒಂದು ಆಂಡ್ರಾಯ್ಡ್ ಬಾಕ್ಸನ್ನು ಮುಂದಿಟ್ಟರು. ಬೆಲೆ ಐದೂವರೆ ಸಾವಿರ ರೂಪಾಯಿ. ನನ್ನ ಬಳಿ ಇದ್ದುದು ವಿದ್ಯಾರ್ಥಿವೇತನದ ಆರು ಸಾವಿರ. ಅದೂ ಪರೀಕ್ಷೆಯ ಶುಲ್ಕಕ್ಕೆಂದೂ ಎಂ.ಎ. ಅರ್ಜಿಗೆಂದೂ ತೆಗೆದಿಟ್ಟದ್ದು. ಹಣವನ್ನು ಕೊಡುವ ಮುನ್ನ, ಇರುವ ಕಡ್ಡಿಯಿಂದ ಏನಾಗುತ್ತದೆ, ಏನಾಗುವುದಿಲ್ಲ, ಆಗದಿದ್ದರೆ ತಡೆಯುವುದು ಯಾವುದು ಎಂಬುದನ್ನು ತಿಳಿಯಬೇಕೆಂದು ಮನಸ್ಸು ಮಾಡಿದೆನು. ನಾನು ಇತಿಹಾಸ, ಅರ್ಥಶಾಸ್ತ್ರ ಓದುವವನು. ಪಾಲಿಟೆಕ್ನಿಕ್ಕಿನಲ್ಲಿರುವ ಗೆಳೆಯನೊಬ್ಬನು ತನ್ನ ಲ್ಯಾಪ್‌ಟಾಪನ್ನೂ ಎರಡು ಭಾನುವಾರಗಳನ್ನೂ ನನಗಾಗಿ ಕೊಟ್ಟನು. ನಾವು ಕಂಡುಕೊಂಡದ್ದನ್ನು ಕಂಡ ಕ್ರಮದಲ್ಲಿಯೇ ಹೇಳುತ್ತೇನೆ.

ಮೊದಲು ಒಂದು ಸಂದೇಹವನ್ನು ಪರಿಹರಿಸಿಕೊಳ್ಳಬೇಕು. ಈ ಕಡ್ಡಿ ಮೂರು ಗಂಟೆಯ ಸಿನಿಮಾವನ್ನು ಒಂದು ಕಡೆಯೂ ತಡವರಿಸದೆ ತೋರಿಸುತ್ತದೆ. ಅಂತಹುದಕ್ಕೆ ಒಂದು ಪುಟ್ಟ ಆಟ ಏಕೆ ಭಾರವಾಗಬೇಕು? ಸಿನಿಮಾಕ್ಕೂ ನಾಟಕಕ್ಕೂ ಇರುವ ಭೇದವೇ ಇಲ್ಲಿಯೂ ಇದೆ. ಸಿನಿಮಾದಲ್ಲಿ ಚಿತ್ರಗಳೆಲ್ಲ ಮೊದಲೇ ಸಿದ್ಧವಾಗಿವೆ. ಅವುಗಳನ್ನು ಒತ್ತಿ ಕಟ್ಟಿದ ಗಂಟನ್ನು ಬಿಚ್ಚಿ ತೋರಿಸುವುದಷ್ಟೆ ಕಡ್ಡಿಯ ಕೆಲಸ. ಈ ಬಿಚ್ಚುವ ಕೆಲಸಕ್ಕಾಗಿಯೇ ಕಡ್ಡಿಯ ಚಿಪ್ಪಿನಲ್ಲಿ ಒಂದು ಪ್ರತ್ಯೇಕ ಭಾಗವನ್ನು ಕೆತ್ತಿಟ್ಟಿರುತ್ತಾರೆ. ಅದಕ್ಕೆ ಡಿಕೋಡರ್ ಎಂದು ಹೆಸರು. ಅದು ತನ್ನ ಒಂದು ಕೆಲಸವನ್ನು ಬಹಳ ಚೆನ್ನಾಗಿ, ಬಹಳ ಕಡಿಮೆ ವಿದ್ಯುತ್ತಿನಲ್ಲಿ ಮಾಡುತ್ತದೆ. ಬೇರೆ ಏನನ್ನೂ ಮಾಡಲಾರದು.

ಆಟವಾದರೋ ನಾಟಕದಂತೆ. ಆಡುವವನು ಎಡಕ್ಕೆ ತಿರುಗಿಸುವನೋ ಬಲಕ್ಕೆ ತಿರುಗಿಸುವನೋ ಯಾರಿಗೂ ಮೊದಲೇ ತಿಳಿಯದು. ಆದುದರಿಂದ ಪ್ರತಿಯೊಂದು ಚಿತ್ರವನ್ನೂ ಆ ಕ್ಷಣದಲ್ಲಿಯೇ ಹೊಸದಾಗಿ ಬರೆಯಬೇಕು. ಈ ಕೆಲಸದಲ್ಲಿ ಡಿಕೋಡರಿಗೆ ಪಾತ್ರವಿಲ್ಲ. ಬರೆಯುವ ಹೊಣೆ ಸಾಮಾನ್ಯ ಪ್ರೊಸೆಸರಿನ ಮೇಲೂ ಗ್ರಾಫಿಕ್ಸ್ ಪ್ರೊಸೆಸರಿನ ಮೇಲೂ ಬೀಳುತ್ತದೆ; ಬೆಲೆಯನ್ನು ತಗ್ಗಿಸುವುದಕ್ಕಾಗಿ ತಯಾರಕರು ಕೈ ಬಿಗಿಹಿಡಿದಿರುವುದು ಈ ಎರಡರಲ್ಲಿಯೇ. ಅಂಗಡಿಯವರು ಹೇಳಿದ ‘ಎಂಟು ಕೆ’ ಎಂಬ ಮಾತು ಡಿಕೋಡರಿಗೆ ಸಂಬಂಧಿಸಿದ್ದು. ಆಟದ ವಿಷಯದಲ್ಲಿ ಅದರಿಂದ ಏನನ್ನೂ ತಿಳಿಯುವಂತಿಲ್ಲ.

ಇನ್ನು ನಮ್ಮ ಕಡ್ಡಿಯ ಸ್ಥಿತಿ. ಅದರ ಪೆಟ್ಟಿಗೆಯ ಮೇಲೆ ಬರೆದಿದ್ದುದು ಇಷ್ಟು: ಕಾರ್ಟೆಕ್ಸ್ ಎ53 ಜಾತಿಯ ನಾಲ್ಕು ಕೋರುಗಳ ಪ್ರೊಸೆಸರ್, ಮಾಲಿ-450 ಎಂಬ ಗ್ರಾಫಿಕ್ಸ್ ಪ್ರೊಸೆಸರ್, ಒಂದು ಗಿಗಾಬೈಟ್ ರ್‍ಯಾಮ್, ಎಂಟು ಗಿಗಾಬೈಟ್ ಸಂಗ್ರಹ. ಅಗ್ಗದ ಕಡ್ಡಿಗಳಲ್ಲಿ ಈ ಲೆಕ್ಕ ಬಹಳ ಸಾಮಾನ್ಯವಾದದ್ದು.

ಮೊದಲ ಭಾನುವಾರ ಕಡ್ಡಿಯೊಳಗಿನ ಪ್ಲೇ ಸ್ಟೋರಿನಲ್ಲಿ ತಮ್ಮನಿಗೆ ಬೇಕಾದ ಆಟಗಳನ್ನು ಹುಡುಕಿದೆವು. ಮೊಬೈಲಿನಲ್ಲಿ ಸಿಗುವ ಎಷ್ಟೋ ಆಟಗಳು ಅಲ್ಲಿ ಕಾಣಲೇ ಇಲ್ಲ. ಇವೆಲ್ಲ ಭಾರವಾದ ಆಟಗಳಿರಬೇಕೆಂದು ನಾನು ಭಾವಿಸಿದೆನು; ಅದು ತಪ್ಪು. ಆಂಡ್ರಾಯ್ಡಿನ ಪ್ರತಿಯೊಂದು ಆಟವೂ ತನಗೆ ಏನೇನು ಬೇಕೆಂದು ಒಂದು ಪಟ್ಟಿಯನ್ನು ತನ್ನೊಳಗೆ ಹೊತ್ತಿರುತ್ತದೆ. ಬರೆದವನು ಬೇರೆ ಏನನ್ನೂ ಹೇಳದಿದ್ದರೆ, ಮುಟ್ಟುವ ಪರದೆ ಬೇಕೇ ಬೇಕು ಎಂದೇ ಸ್ಟೋರು ತಿಳಿಯುತ್ತದೆ. ಟಿ.ವಿ.ಗೆ ಮುಟ್ಟುವ ಪರದೆ ಇಲ್ಲ. ಆದುದರಿಂದ ಅಂತಹ ಆಟವನ್ನು ಟಿ.ವಿ.ಯಲ್ಲಿ ತೋರಿಸುವುದೇ ಇಲ್ಲ.

ಈ ತಡೆಗೆ ಅರ್ಥವಿದೆ. ನಮ್ಮ ರಿಮೋಟಿನಲ್ಲಿ ಆಟಕ್ಕೆ ಒದಗುವುದು ಮೇಲೆ, ಕೆಳಗೆ, ಎಡ, ಬಲ ಎಂಬ ನಾಲ್ಕು ದಿಕ್ಕುಗಳು, ನಡುವಿನ ಒಂದು ಗುಂಡಿ, ಹಿಂದಕ್ಕೆ ಹೋಗುವ ಒಂದು ಗುಂಡಿ. ಮಿಠಾಯಿಗಳನ್ನು ಬೆರಳಿನಿಂದ ಎಳೆದು ಜೋಡಿಸುವ ಆಟಕ್ಕೆ ಇವು ಸಾಲವು. ಗೆಳೆಯನು ಅಂತಹ ಒಂದು ಆಟದ ಕಡತವನ್ನು ಪೆನ್ ಡ್ರೈವಿನಿಂದ ಹೇಗೋ ಒಳಗೆ ಹಾಕಿದನು. ಅದು ತೆರೆದುಕೊಂಡಿತು, ಸಂಗೀತವನ್ನೂ ನುಡಿಸಿತು. ಆದರೆ ರಿಮೋಟಿನ ಒಂದು ಗುಂಡಿಗೂ ಓಗೊಡಲಿಲ್ಲ. ಯು.ಎಸ್.ಬಿ. ಮೌಸನ್ನು ಜೋಡಿಸಿದರೆ ಒಂದು ಬೆರಳಿನ ಕೆಲಸವಾಗುತ್ತದೆ. ಎರಡು ಬೆರಳು ಬೇಕಾದ ಆಟ ಅಲ್ಲಿಯೂ ನಿಲ್ಲುತ್ತದೆ. ಮಂಚದಲ್ಲಿ ಒರಗಿರುವ ರೋಗಿಗೆ ಮೌಸು ಇಡಲು ಜಾಗವೂ ಇಲ್ಲ.

ಇದಕ್ಕೆ ವಿರುದ್ಧವಾಗಿ, ಆರು ಗುಂಡಿಗಳಿಗೆ ಹೇಳಿ ಮಾಡಿಸಿದಂತಹ ಆಟಗಳೂ ಇವೆ. ‘2048’ ಎಂಬ ಅಂಕಿಗಳ ಆಟವನ್ನು ಅನೇಕರು ಆಡಿರಬಹುದು. ಇಟಲಿಯ ಗೇಬ್ರಿಯೆಲೆ ಚಿರುಲ್ಲಿ ಎಂಬಾತನು 2014ರಲ್ಲಿ, ತನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಇದನ್ನು ರಚಿಸಿದನು. ನಾಲ್ಕು ಸಾಲು ನಾಲ್ಕು ಕಂಬದ ಮನೆಗಳಲ್ಲಿ ಅಂಕಿಗಳನ್ನು ನಾಲ್ಕು ದಿಕ್ಕಿಗೆ ತಳ್ಳುವುದೇ ಇಡೀ ಆಟ. ರಿಮೋಟಿನಲ್ಲಿರುವುದೂ ಅದೇ ನಾಲ್ಕು ದಿಕ್ಕು. ಹಾವಿನ ಆಟ, ಬೀಳುವ ಇಟ್ಟಿಗೆಗಳ ಆಟ, ಸುಡೊಕು, ಚದುರಂಗ ಇವೂ ಹೀಗೆಯೇ. ಅಂದಮೇಲೆ ಮೊದಲನೆಯ ಮಿತಿ ಯಂತ್ರದ ಶಕ್ತಿಯದಲ್ಲ, ಕೈಯದು. ಆಟವನ್ನು ಆರಿಸುವಾಗ ‘ಇದನ್ನು ಆರು ಗುಂಡಿಗಳಿಂದ ಆಡಬಹುದೇ’ ಎಂದು ಕೇಳಿಕೊಂಡರೆ ಅರ್ಧ ನಿರಾಸೆ ತಪ್ಪುತ್ತದೆ.

ಆದರೆ ಹಾವಿನ ಆಟದಲ್ಲಿ ತಮ್ಮನು ಮೇಲಿಂದ ಮೇಲೆ ಸೋತನು. “ನಾನು ಒತ್ತಿದ ಮೇಲೆ ಅದು ತಿರುಗುತ್ತೆ ಅಣ್ಣ, ಅಷ್ಟರಲ್ಲಿ ಗೋಡೆಗೆ ಗುದ್ದಿರುತ್ತೆ” ಎಂದು ದೂರಿದನು. ಸೋತವನ ನೆಪವೆಂದು ನಾನು ನಕ್ಕೆನು. ಗೆಳೆಯನು ನಗದೆ ತನ್ನ ಮೊಬೈಲನ್ನು ತೆಗೆದು, ಸೆಕೆಂಡಿಗೆ 240 ಚಿತ್ರಗಳನ್ನು ಹಿಡಿಯುವ ನಿಧಾನಗತಿಯ ಚಿತ್ರೀಕರಣಕ್ಕೆ ಅದನ್ನು ಹೊಂದಿಸಿದನು. ರಿಮೋಟಿನ ಮೇಲಿನ ಹೆಬ್ಬೆರಳೂ ಟಿ.ವಿ.ಯ ಪರದೆಯೂ ಒಟ್ಟಿಗೆ ಕಾಣುವಂತೆ ಚಿತ್ರವನ್ನು ಹಿಡಿದನು. ಅನಂತರ ಒಂದೊಂದೇ ಚಿತ್ರವನ್ನು ಸರಿಸುತ್ತ, ಗುಂಡಿ ಒಳಗೆ ಹೋದ ಚಿತ್ರದಿಂದ ಹಾವು ತಿರುಗಿದ ಚಿತ್ರದವರೆಗೆ ಎಣಿಸಿದೆವು. ನಲವತ್ತನಾಲ್ಕು ಚಿತ್ರಗಳಾದವು. 44ನ್ನು 240ರಿಂದ ಭಾಗಿಸಿದರೆ ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿದಾಗ ಸುಮಾರು 183 ಪಾಲು, ಎಂದರೆ 183 ಮಿಲಿಸೆಕೆಂಡು. ಹುಡುಗನು ಹೇಳಿದುದು ನಿಜವಾಗಿತ್ತು.

ಈ ತಡದಲ್ಲಿ ಕಡ್ಡಿಯ ಪಾಲು ಎಷ್ಟು? ಟಿ.ವಿ.ಯು ತನಗೆ ಬಂದ ಚಿತ್ರವನ್ನು ಬಂದ ಹಾಗೆ ತೋರಿಸುವುದಿಲ್ಲ. ಬಣ್ಣವನ್ನು ತಿದ್ದುವುದು, ಅಂಚುಗಳನ್ನು ಚೂಪುಮಾಡುವುದು, ಚಲನೆಯನ್ನು ನಯಗೊಳಿಸುವುದು ಮುಂತಾದ ಅಲಂಕಾರಗಳನ್ನು ಮಾಡಿ ಆಮೇಲೆ ಹೊರಬಿಡುತ್ತದೆ. ಸಿನಿಮಾದಲ್ಲಿ ಚಿತ್ರವೂ ಧ್ವನಿಯೂ ಒಟ್ಟಿಗೆ ತಡವಾಗುವುದರಿಂದ ಯಾರಿಗೂ ತಿಳಿಯುವುದಿಲ್ಲ. ಆಟದಲ್ಲಿ ಮಾತ್ರ ಹೆಬ್ಬೆರಳಿಗೆ ತಿಳಿಯುತ್ತದೆ. ಟಿ.ವಿ.ಯ ಚಿತ್ರಸಂಬಂಧವಾದ ಸೆಟ್ಟಿಂಗಿನಲ್ಲಿ ‘ಗೇಮ್’ ಎಂಬ ಒಂದು ವಿಧಾನವಿರುತ್ತದೆ. ಅದು ಈ ಅಲಂಕಾರಗಳನ್ನು ಬದಿಗಿಡುತ್ತದೆ. ಅದನ್ನು ಆರಿಸಿ ಮತ್ತೆ ಎಣಿಸಿದೆವು. ಈ ಸಲ ಇಪ್ಪತ್ತನಾಲ್ಕು ಚಿತ್ರಗಳು, ಎಂದರೆ 100 ಮಿಲಿಸೆಕೆಂಡು. ಕಡ್ಡಿಯನ್ನು ಮುಟ್ಟದೆಯೇ ಹೆಚ್ಚುಕಡಿಮೆ ಅರ್ಧದಷ್ಟು ತಡ ಹೋಯಿತು. ಹೊಸ ಬಾಕ್ಸನ್ನು ಕೊಂಡಿದ್ದರೂ ಟಿ.ವಿ.ಯ ಈ ತಡ ಹಾಗೆಯೇ ಉಳಿಯುತ್ತಿತ್ತು. ಉಳಿದ 100 ಮಿಲಿಸೆಕೆಂಡಿನಲ್ಲಿ ರಿಮೋಟು, ಕಡ್ಡಿ, ಆಟ ಮೂರೂ ಪಾಲುದಾರರು. ಹಾವಿನ ಆಟಕ್ಕೆ ಅದು ಅಡ್ಡಿಯಾಗಲಿಲ್ಲ.

ಎರಡನೆಯ ಭಾನುವಾರ ಕಾರು ಓಟದ ಸರದಿ. ತಮ್ಮನ ಆಸೆಯೆಲ್ಲ ಇದರ ಮೇಲೆಯೇ ಇದ್ದಿತು. ಅವನು ಹೆಸರು ಹೇಳಿದ ಆಟ ಸ್ಟೋರಿನಲ್ಲಿ ಇರಲಿಲ್ಲ. ಗೆಳೆಯನು ಲ್ಯಾಪ್‌ಟಾಪಿನಿಂದ ಕಡ್ಡಿಯನ್ನೇ ಪ್ರಶ್ನಿಸೋಣವೆಂದನು. ಕಡ್ಡಿಯ ಸೆಟ್ಟಿಂಗಿನಲ್ಲಿ ‘ಅಬೌಟ್’ ಎಂಬಲ್ಲಿಗೆ ಹೋಗಿ ಬಿಲ್ಡ್ ಎಂಬ ಸಾಲನ್ನು ಏಳು ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ. ಅದರಲ್ಲಿ ಡೀಬಗ್ಗಿಂಗಿಗೆ ಅನುಮತಿ ಕೊಟ್ಟರೆ, ಒಂದೇ ವೈಫೈಯಲ್ಲಿರುವ ಲ್ಯಾಪ್‌ಟಾಪು ಕಡ್ಡಿಯೊಡನೆ ಮಾತನಾಡಬಹುದು. ನಾವು ಕಳುಹಿಸಿದ ಆಜ್ಞೆಗಳು ಇವು. ಮೊದಲ ಸಾಲಿನ ಅಂಕಿಗಳ ಸ್ಥಳದಲ್ಲಿ ಅವರವರ ಕಡ್ಡಿಯ ವಿಳಾಸವನ್ನು ಬರೆಯಬೇಕು.

```
adb connect 192.168.1.7:5555
adb shell getprop ro.opengles.version
adb shell cat /proc/meminfo
```

ಎರಡನೆಯ ಪ್ರಶ್ನೆಗೆ ಕಡ್ಡಿ ಕೊಟ್ಟ ಉತ್ತರ 131072. ನೋಡಿದರೆ ಇದೊಂದು ಒಗಟು. ಆದರೆ ಇದನ್ನು 65536ರಿಂದ ಭಾಗಿಸಿದರೆ ಸರಿಯಾಗಿ 2 ಬರುತ್ತದೆ. ಅದರ ಅರ್ಥ, ಈ ಗ್ರಾಫಿಕ್ಸ್ ಪ್ರೊಸೆಸರಿಗೆ ಓಪನ್ ಜಿ.ಎಲ್. ಇ.ಎಸ್. ಎಂಬ ಚಿತ್ರಲೇಖನದ ಭಾಷೆಯ ಎರಡನೆಯ ಆವೃತ್ತಿ ಮಾತ್ರ ಬರುತ್ತದೆ ಎಂದು. ಎರಡನೆಯ ಆವೃತ್ತಿ 2007ರದು. ಮೂರನೆಯದು 2012ರಲ್ಲಿ ಬಂದಿತು. ನಮ್ಮ ಮಾಲಿ-450ನ್ನು ಪ್ರಕಟಿಸಿದುದೂ ಅದೇ 2012ರಲ್ಲಿಯೇ. ಆದರೆ ಅದು ಹಳೆಯ ಮನೆತನದ್ದು, ಹೊಸ ಭಾಷೆಯನ್ನು ಕಲಿಯಲಿಲ್ಲ. ಇಂದಿನ ಅನೇಕ ಕಾರು ಓಟದ ಆಟಗಳು ಮೂರನೆಯ ಆವೃತ್ತಿಯಲ್ಲಿ ಬರೆದವು. ಸ್ಟೋರು ಅವನ್ನು ಮರೆಮಾಡುತ್ತದೆ. ಬಲವಂತದಿಂದ ಒಳಹಾಕಿದರೆ ಪರದೆ ಕಪ್ಪಾಗುತ್ತದೆ ಅಥವಾ ಆಟ ಮುಚ್ಚಿಹೋಗುತ್ತದೆ. ಇದು ವೇಗದ ಕೊರತೆಯಲ್ಲ, ಭಾಷೆಯ ಕೊರತೆ. ಇದಕ್ಕೆ ಯಾವ ಸೆಟ್ಟಿಂಗಿನಲ್ಲಿಯೂ ಔಷಧವಿಲ್ಲ. ಉತ್ತರವು 196608 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಮೂರನೆಯ ಆವೃತ್ತಿ ಬರುತ್ತದೆಯೆಂದು ತಿಳಿಯಬಹುದು.

ಆದುದರಿಂದ ಎರಡನೆಯ ಆವೃತ್ತಿಯಲ್ಲಿ ಬರೆದ, ರಿಮೋಟಿನಿಂದ ಆಡಬಹುದಾದ ಒಂದು ಹಳೆಯ ಕಾರು ಓಟವನ್ನು ಹುಡುಕಿ ಹಾಕಿದೆವು. ಓಡಿತು, ಆದರೆ ಕುಂಟುತ್ತ ಓಡಿತು. ಮತ್ತೆ ನಿಧಾನಗತಿಯ ಚಿತ್ರೀಕರಣ ಮಾಡಿ ಎಣಿಸಿದೆವು. ಪರದೆಯ ಮೇಲಿನ ಒಂದು ಚಿತ್ರ ಬದಲಾಗಲು ಮೊಬೈಲಿನ ಹನ್ನೆರಡು ಚಿತ್ರಗಳಷ್ಟು ಕಾಲ ಬೇಕಾಗುತ್ತಿತ್ತು. 240ನ್ನು 12ರಿಂದ ಭಾಗಿಸಿದರೆ 20. ಸೆಕೆಂಡಿಗೆ ಇಪ್ಪತ್ತೇ ಚಿತ್ರಗಳು. ಕಣ್ಣಿಗೆ ನಯವಾಗಿ ಕಾಣಲು 30 ಇದ್ದರೆ ಸಹಿಸಬಹುದು, 60 ಇದ್ದರೆ ಉತ್ತಮ.

ಈಗ ಕುಂಟುವುದಕ್ಕೆ ಕಾರಣ ಯಾವುದೆಂದು ಕಂಡುಹಿಡಿಯಬೇಕು. ಪ್ರೊಸೆಸರು ಲೆಕ್ಕ ಮಾಡಲಾರದೆ ಹೋಯಿತೇ, ಅಥವಾ ಗ್ರಾಫಿಕ್ಸ್ ಪ್ರೊಸೆಸರು ಚುಕ್ಕಿಗಳನ್ನು ತುಂಬಲಾರದೆ ಹೋಯಿತೇ? ಪರೀಕ್ಷೆ ಸುಲಭ. ಕಡ್ಡಿ ಬರೆಯುತ್ತಿದ್ದ ಚಿತ್ರದ ಅಳತೆ 1920ಕ್ಕೆ 1080, ಎಂದರೆ ಒಂದು ಚಿತ್ರಕ್ಕೆ 20,73,600 ಚುಕ್ಕಿಗಳು. ಅಳತೆಯನ್ನು 1280ಕ್ಕೆ 720 ಮಾಡಿದರೆ 9,21,600 ಚುಕ್ಕಿಗಳು, ಅರ್ಧಕ್ಕಿಂತಲೂ ಕಡಿಮೆ. ಕಾರುಗಳ ಚಲನೆಯನ್ನೂ ಗುದ್ದಾಟವನ್ನೂ ಲೆಕ್ಕಹಾಕುವ ಕೆಲಸ ಮಾತ್ರ ಎರಡರಲ್ಲಿಯೂ ಒಂದೇ. ಅಳತೆಯನ್ನು ತಗ್ಗಿಸಿದಾಗ ಆಟ ನಯವಾದರೆ ದೋಷ ಚುಕ್ಕಿ ತುಂಬುವವನದು; ಆಗದಿದ್ದರೆ ಲೆಕ್ಕ ಮಾಡುವವನದು.

ಕಡ್ಡಿಯ ಸೆಟ್ಟಿಂಗಿನಲ್ಲಿ ಟಿ.ವಿ.ಗೆ ಕಳುಹಿಸುವ ಅಳತೆಯನ್ನು 720ಕ್ಕೆ ಬದಲಾಯಿಸಿ ನೋಡಿದೆವು. ಏನೂ ಸುಧಾರಿಸಲಿಲ್ಲ. ನಮ್ಮ ಕಡ್ಡಿ ಒಳಗೆ ದೊಡ್ಡ ಚಿತ್ರವನ್ನೇ ಬರೆದು, ಕೊನೆಗೆ ಕುಗ್ಗಿಸಿ ಕಳುಹಿಸುತ್ತಿತ್ತು. ಬರೆಯುವ ಅಳತೆಯನ್ನೇ ತಗ್ಗಿಸುವ ಆಜ್ಞೆ ಬೇರೆ ಇದೆ. ಎರಡನೆಯ ಸಾಲು ಅದನ್ನು ಮೊದಲಿನಂತೆ ಮಾಡುವುದಕ್ಕೆ.

```
adb shell wm size 1280x720
adb shell wm size reset
```

ಮೊದಲನೆಯದನ್ನು ಕೊಟ್ಟು ಆಟವನ್ನು ಮತ್ತೆ ತೆರೆದು ಎಣಿಸಿದಾಗ ಹನ್ನೆರಡರ ಬದಲು ಎಂಟು ಚಿತ್ರಗಳಾದವು. ಸೆಕೆಂಡಿಗೆ ಮೂವತ್ತು. ದೋಷ ಗ್ರಾಫಿಕ್ಸ್ ಪ್ರೊಸೆಸರಿನದೆಂದು ತಿಳಿಯಿತು. ಜೊತೆಗೆ ಪರಿಹಾರವೂ ಸಿಕ್ಕಿತು. ಚಿತ್ರ ಮಸುಕಾಗುವುದಿಲ್ಲವೇ ಎಂದು ವಾಚಕರು ಕೇಳಬಹುದು. ನಮ್ಮ ಟಿ.ವಿ.ಯ ಪರದೆಯಲ್ಲಿ ಇರುವುದೇ 1366ಕ್ಕೆ 768 ಚುಕ್ಕಿಗಳು. ಇಷ್ಟು ದಿನವೂ ಆ ಬಡ ಕಡ್ಡಿ, ಪರದೆ ತೋರಿಸಬಲ್ಲುದಕ್ಕಿಂತ ಎರಡರಷ್ಟು ಚುಕ್ಕಿಗಳನ್ನು ಬರೆದು ಬರೆದು ವ್ಯರ್ಥವಾಗಿ ದಣಿಯುತ್ತಿತ್ತು! ಹೋಲಿಸಿ ನೋಡಿದರೂ ನಮ್ಮ ಕಣ್ಣಿಗೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ.

ತಮ್ಮನ ಸಂತೋಷ ಇಪ್ಪತ್ತು ನಿಮಿಷ ಉಳಿಯಿತು. ಆಮೇಲೆ ಆಟ ಮತ್ತೆ ಕುಂಟತೊಡಗಿತು. ಇನ್ನೂ ಸ್ವಲ್ಪ ಹೊತ್ತಿಗೆ ಕಡ್ಡಿಯೇ ಆರಿಹೋಗಿ, ಕಂಪೆನಿಯ ಗುರುತನ್ನು ತೋರಿಸುತ್ತ ಮೊದಲಿಂದ ಹುಟ್ಟಿಕೊಂಡಿತು. ನೋಡುವವರಿಗೆ ಇವೆರಡೂ ಒಂದೇ ರೋಗದಂತೆ ಕಾಣುತ್ತವೆ, ವಾಸ್ತವವಾಗಿ ಎರಡು.

ನಿಧಾನವಾಗಿ ಕುಂಟುವುದು ಬಿಸಿಯಿಂದ. ಕಡ್ಡಿಯಲ್ಲಿ ಗಾಳಿ ಬೀಸುವ ಫ್ಯಾನು ಇಲ್ಲ, ಅದು ಟಿ.ವಿ.ಯ ಬೆನ್ನಿಗೂ ಗೋಡೆಗೂ ನಡುವೆ, ಬೆಚ್ಚಗಿನ ಗಾಳಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಒಂದು ಮಿತಿಯನ್ನು ಮೀರಿ ಬಿಸಿಯಾದಾಗ, ಸುಟ್ಟುಹೋಗದಿರಲೆಂದು ಚಿಪ್ಪು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಮೊದಲು ಚೆನ್ನಾಗಿದ್ದು, ಕಾಲು ಗಂಟೆಯೋ ಅರ್ಧ ಗಂಟೆಯೋ ಕಳೆದ ಮೇಲೆ ಕೆಡುವುದು, ಆರಿಸಿ ತಣ್ಣಗಾದ ಮೇಲೆ ಮತ್ತೆ ಸರಿಯಾಗುವುದು, ಇದೇ ಇದರ ಲಕ್ಷಣ. ಕಡ್ಡಿಯ ಪೆಟ್ಟಿಗೆಯಲ್ಲಿ ಗೇಣುದ್ದದ ಒಂದು ಎಚ್.ಡಿ.ಎಂ.ಐ. ತಂತಿ ಬಂದಿತ್ತು, ಅದು ಏತಕ್ಕೆಂದು ತಿಳಿಯದೆ ಎತ್ತಿಟ್ಟಿದ್ದೆವು. ಅದನ್ನು ನಡುವೆ ಸೇರಿಸಿ, ಕಡ್ಡಿ ಟಿ.ವಿ.ಯ ಬದಿಗೆ ಹೊರಚಾಚಿ ತೂಗುವಂತೆ ಮಾಡಿದೆವು. ಕುಂಟುವುದು ಪೂರ್ತಿ ನಿಲ್ಲಲಿಲ್ಲ, ಆದರೆ ಬಹಳ ತಡವಾಗಿ ಬರತೊಡಗಿತು.

ಇದ್ದಕ್ಕಿದ್ದಂತೆ ಆರಿ ಹುಟ್ಟುವುದು ವಿದ್ಯುತ್ತಿನ ಕೊರತೆಯಿಂದ. ಒಂದು ಪ್ಲಗ್ಗು ಉಳಿಯಲೆಂದು ನಾವು ಕಡ್ಡಿಗೆ ಟಿ.ವಿ.ಯ ಯು.ಎಸ್.ಬಿ. ಕಿಂಡಿಯಿಂದಲೇ ವಿದ್ಯುತ್ತನ್ನು ಕೊಟ್ಟಿದ್ದೆವು. ಯು.ಎಸ್.ಬಿ. ಎರಡರ ಕಿಂಡಿ ನಿಯಮದಂತೆ ಕೊಡುವುದು 5 ವೋಲ್ಟಿನಲ್ಲಿ ಅರ್ಧ ಆಂಪಿಯರು, ಎಂದರೆ ಎರಡೂವರೆ ವಾಟು. ಕಡ್ಡಿಯ ಮೇಲೆ ಬರೆದಿರುವುದು 5 ವೋಲ್ಟು, 1 ಆಂಪಿಯರು. ಎಂದರೆ ಐದು ವಾಟು. ಸಿನಿಮಾ ನೋಡುವಾಗ ಡಿಕೋಡರಿಗೆ ಸ್ವಲ್ಪವೇ ಸಾಕಾದ್ದರಿಂದ ಎರಡು ವರ್ಷ ಈ ತಪ್ಪು ಹೊರಗೆ ಬರಲಿಲ್ಲ. ಆಟದಲ್ಲಿ ಎಲ್ಲ ಕೋರುಗಳೂ ಗ್ರಾಫಿಕ್ಸ್ ಪ್ರೊಸೆಸರೂ ಒಟ್ಟಿಗೆ ದುಡಿಯುವಾಗ ವೋಲ್ಟೇಜು ಕುಸಿದು ಕಡ್ಡಿ ಆರಿತು. ಮನೆಯಲ್ಲಿದ್ದ ಹಳೆಯ ಮೊಬೈಲಿನ ಚಾರ್ಜರನ್ನು ಗೋಡೆಗೆ ಹಾಕಿದ ಮೇಲೆ ಅದು ಒಮ್ಮೆಯೂ ಹಾಗೆ ಮಾಡಿಲ್ಲ.

ಕೊನೆಯದು ರ್‍ಯಾಮಿನ ಮಾತು. ತಮ್ಮನು ಆಟವನ್ನು ಅರ್ಧಕ್ಕೆ ಬಿಟ್ಟು, ತಾತನವರಿಗೆ ವಾರ್ತೆಯನ್ನು ತೋರಿಸಿ ಮರಳಿ ಬಂದಾಗ, ಆಟ ಮೊದಲಿಂದ ತೆರೆದುಕೊಳ್ಳುತ್ತಿತ್ತು; ಗೆದ್ದದ್ದೆಲ್ಲ ಹೋಗಿರುತ್ತಿತ್ತು. ಮೇಲೆ ಬರೆದ ಮೂರನೆಯ ಆಜ್ಞೆಯ ಉತ್ತರದಲ್ಲಿ `MemAvailable` ಎಂಬ ಸಾಲು ಇದಕ್ಕೆ ಕಾರಣವನ್ನು ಹೇಳಿತು. ಏನನ್ನೂ ತೆರೆಯದಿದ್ದಾಗಲೇ ಬಳಸಲು ಉಳಿದಿದ್ದುದು ಸುಮಾರು ಮುನ್ನೂರು ಮೆಗಾಬೈಟು. ಆಂಡ್ರಾಯ್ಡೂ, ಮುಖಪುಟದ ಜಾಹೀರಾತುಗಳೂ ಉಳಿದುದನ್ನು ಆಕ್ರಮಿಸಿದ್ದವು. ಆಟದ ಗೋಡೆ, ರಸ್ತೆ, ಮರಗಳಿಗೆ ಹೊದಿಸುವ ಚಿತ್ರಗಳಲ್ಲಿ 2048ಕ್ಕೆ 2048 ಚುಕ್ಕಿಗಳ ಒಂದೇ ಒಂದನ್ನು ಒತ್ತದೆ ಬಿಡಿಸಿಟ್ಟರೆ ಹದಿನಾರು ಮೆಗಾಬೈಟು ಬೇಕು. ಇಂತಹವು ಹತ್ತು ಸೇರಿದರೆ ಅರ್ಧ ಜಾಗ ಮುಗಿಯಿತು. ಜಾಗ ಸಾಲದಾದಾಗ ಆಂಡ್ರಾಯ್ಡು ಹಿಂದೆ ಸರಿದಿರುವ ಕಾರ್ಯಕ್ರಮವನ್ನು ಕೇಳದೆ ಮುಗಿಸಿಬಿಡುತ್ತದೆ. ವಾರ್ತೆ ಮುಂದೆ ಬಂದಾಗ ಆಟ ಸತ್ತದ್ದು ಹೀಗೆ. ಇದಕ್ಕೆ ಪರಿಹಾರ ಪೂರ್ತಿಯಾಗಿಲ್ಲ. ಬಳಸದ ಆ್ಯಪುಗಳನ್ನು ತೆಗೆದುಹಾಕಿದೆವು. ಪ್ರತಿ ಹೆಜ್ಜೆಯನ್ನೂ ತಾನೇ ಬರೆದಿಟ್ಟುಕೊಳ್ಳುವ ಆಟಗಳನ್ನು ಆರಿಸಿದೆವು. ಇಂತಹ ಆಟ ಸತ್ತರೂ ಬಿಟ್ಟ ಸ್ಥಳದಿಂದ ಮುಂದುವರಿಯುತ್ತದೆ.

ಒಂದು ಮಾತನ್ನು ಸೇರಿಸಬೇಕು. ಆಟವನ್ನು ದೂರದ ದೊಡ್ಡ ಕಂಪ್ಯೂಟರಿನಲ್ಲಿ ಓಡಿಸಿ, ಅದರ ಚಿತ್ರವನ್ನು ಮಾತ್ರ ಸಿನಿಮಾದಂತೆ ಕಡ್ಡಿಗೆ ಕಳುಹಿಸುವ ಕ್ರಮವೂ ಉಂಟು. ಆಗ ಕಡ್ಡಿ ಮತ್ತೆ ತನ್ನ ಡಿಕೋಡರಿನ ಬಲದ ಮೇಲೆ ನಿಲ್ಲುತ್ತದೆ. ಮಾಲಿ-450ರ ಬಡತನ ಅಡ್ಡಿಬರುವುದಿಲ್ಲ. ಆದರೆ ಮಿತಿಯು ಕಡ್ಡಿಯಿಂದ ಇಂಟರ್‌ನೆಟ್ಟಿಗೆ ಸರಿಯುತ್ತದೆ. ಅಂತಹ ಒಂದು ಸೇವೆಯಾದ ಜಿಫೋರ್ಸ್ ನೌ, 720ರ ಅಳತೆಗೂ ಸೆಕೆಂಡಿಗೆ 15 ಮೆಗಾಬಿಟ್ ವೇಗವನ್ನು ಕೇಳುತ್ತದೆ. ಮೇಲಾಗಿ ಗುಂಡಿ ಒತ್ತಿದ ಸುದ್ದಿ ಅಲ್ಲಿಗೆ ಹೋಗಿ ಚಿತ್ರ ಇಲ್ಲಿಗೆ ಬರುವ ತಡವೂ ಸೇರುತ್ತದೆ. ಸೇವೆ ನಿಂತರೆ ಆಟವೂ ನಿಲ್ಲುತ್ತದೆ. ಗೂಗಲ್ಲಿನ ಸ್ಟೇಡಿಯಾ 2019ರಲ್ಲಿ ಆರಂಭವಾಗಿ 2023ರ ಜನವರಿಯಲ್ಲಿ ಮುಚ್ಚಿತು. ನಮ್ಮ ಮನೆಯ ವೈಫೈ ನನ್ನ ಮೊಬೈಲಿನಿಂದ ಹಂಚಿದ್ದು. ನಾನು ಕಾಲೇಜಿಗೆ ಹೊರಟರೆ ಅದೂ ಹೊರಡುತ್ತದೆ. ಆದುದರಿಂದ ಆ ದಾರಿ ನಮಗೆ ಇರಲಿಲ್ಲ. ಒಮ್ಮೆ ಹಾಕಿದ ಮೇಲೆ ಇಂಟರ್‌ನೆಟ್ ಇಲ್ಲದೆ ನಡೆಯುವ ಆಟಗಳೇ ಬೇಕಾಗಿದ್ದವು.

ಹಾಗಾದರೆ ಟೆಲಿವಿಷನ್ ಕಡ್ಡಿ ಆಟವನ್ನು ಆಡಿಸಬಲ್ಲುದೆ? ಆರು ಗುಂಡಿಗಳಲ್ಲಿ ಆಡುವ, ಚಿತ್ರ ಹಗುರವಾದ ಆಟಗಳನ್ನು ಚೆನ್ನಾಗಿ ಆಡಿಸಬಲ್ಲುದು. ಹಳೆಯ ಕಾರು ಓಟವನ್ನು, ಚುಕ್ಕಿಗಳನ್ನು ತಗ್ಗಿಸಿ, ಗಾಳಿ ಕೊಟ್ಟು, ಸರಿಯಾದ ವಿದ್ಯುತ್ತು ಕೊಟ್ಟರೆ ಸಾಧಾರಣವಾಗಿ ಆಡಿಸುತ್ತದೆ. ಹೊಸ ಕಾರು ಓಟವನ್ನು ಆಡಿಸಲಾರದು. ಅದಕ್ಕೆ ಆ ಭಾಷೆಯೇ ಬಾರದು. ಹೊಸ ಬಾಕ್ಸನ್ನು ಕೊಳ್ಳುವುದಾದರೆ ಕೇಳಬೇಕಾದುದು ಎಷ್ಟು ಕೆ ಎಂದಲ್ಲ. ಗ್ರಾಫಿಕ್ಸ್ ಪ್ರೊಸೆಸರಿನ ಹೆಸರೇನು, ರ್‍ಯಾಮ್ ಎರಡು ಗಿಗಾಬೈಟಿಗೆ ಕಡಿಮೆಯಿಲ್ಲವೇ ಎಂದು. ನಾನು ಮರಳಿ ಹೋಗಿ ಆ ಐದೂವರೆ ಸಾವಿರದ ಬಾಕ್ಸಿನ ಗ್ರಾಫಿಕ್ಸ್ ಪ್ರೊಸೆಸರು ಯಾವುದೆಂದು ಕೇಳಿದೆನು. ಅಂಗಡಿಯವರು ಪೆಟ್ಟಿಗೆಯನ್ನು ನಾಲ್ಕು ಕಡೆಯೂ ತಿರುಗಿಸಿ ನೋಡಿದರು. ಎಲ್ಲಿಯೂ ಬರೆದಿರಲಿಲ್ಲ. ನಾನು ನಮಸ್ಕಾರ ಹೇಳಿ ಹೊರಟುಬಂದೆನು.

ತಮ್ಮನಿಗೆ ಇರುವುದನ್ನು ಇರುವಂತೆಯೇ ಹೇಳಿದೆನು. ಒಂದು ದಿನ ಮುಖ ಊದಿಸಿಕೊಂಡಿದ್ದನು. ಮರುದಿನ ನಾನು ಕಾಲೇಜಿನಿಂದ ಬರುವಾಗ ಮಂಚದ ಪಕ್ಕದಲ್ಲಿ ತಾತನವರು ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಟಿ.ವಿ.ಯಲ್ಲಿ ಚದುರಂಗದ ಮನೆ. ಒಂದೇ ರಿಮೋಟನ್ನು ಒಬ್ಬರಿಂದೊಬ್ಬರು ಕೈಬದಲಾಯಿಸುತ್ತ ಆಡುತ್ತಿದ್ದರು. ಸರದಿಯ ಆಟಕ್ಕೆ ಎರಡನೆಯ ರಿಮೋಟು ಬೇಡ, ತಡದ ಹೆದರಿಕೆಯಿಲ್ಲ, ಬಿಸಿಯೂ ಏರುವುದಿಲ್ಲ ಎಂಬುದನ್ನು ನಾನೂ ಗೆಳೆಯನೂ ಎರಡು ಭಾನುವಾರ ಕುಳಿತರೂ ಯೋಚಿಸಿರಲಿಲ್ಲ. “ಕುದುರೆ ಎತ್ತೋ ಅಂದ್ರೆ ಈ ಕಡ್ಡಿ ಒಂಟೆ ಎತ್ತುತ್ತಲ್ಲೋ” ಎಂದು ತಾತನವರು ಗದರಿದರು. “ನೀನು ಎರಡು ಸಲ ಒತ್ತಿದೆ ತಾತ” ಎಂದು ಅವನು ನಕ್ಕನು. ವಿದ್ಯಾರ್ಥಿವೇತನದ ಹಣದಿಂದ ಆ ವಾರವೇ ಪರೀಕ್ಷೆಯ ಶುಲ್ಕವನ್ನು ಕಟ್ಟಿದೆನು.